ಇಬ್ಬರ ಕಾರು, ಎರಡು ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಗೃಹಸ್ಥರಿಗೆ ಪಾಲಿನ ವ್ಯವಹಾರ ಹೊಸದಲ್ಲ. ಅಣ್ಣತಮ್ಮಂದಿರು ಒಂದೇ ಬಾವಿಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವುದುಂಟು. ಒಂದೇ ತೋಟದ ಕಾಯನ್ನು ಪಾಲು ಹಾಕಿ, ಬೇರೆ ಬೇರೆ ಅಟ್ಟಗಳಲ್ಲಿ ಕೊಬ್ಬರಿಗೆ ಬಿಡುವುದುಂಟು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಮತ್ತೊಂದು ಪಾಲು ಸೇರಿದೆ. ಹೊಸ ಕಾರನ್ನು ಒಬ್ಬರೇ ಕೊಳ್ಳುವಷ್ಟು ಹಣವೂ ಇಲ್ಲ, ಪ್ರತಿದಿನ ಕಾರು ಬೇಕೆಂಬಷ್ಟು ಕೆಲಸವೂ ಇಲ್ಲ ಎನ್ನುವ ಇಬ್ಬರು ಸ್ನೇಹಿತರು ಕೂಡಿ, ಓಡಿದ ಕಾರೊಂದನ್ನು ಸಮಪಾಲಿನಲ್ಲಿ ಕೊಳ್ಳುವ ಯೋಚನೆ ಅದು. ಕೊಳ್ಳುವುದು ಸುಲಭ. ವರ್ಷ ತಿರುಗಿದ ಮೇಲೆ ಖರ್ಚನ್ನು ಹಂಚಿಕೊಳ್ಳುವಾಗ ಸ್ನೇಹಕ್ಕೆ ಮುಳ್ಳು ತಾಗುತ್ತದೆ. ಏಕೆಂದರೆ ಇಬ್ಬರೂ ಸಮವಾಗಿ ಹಣ ಹಾಕಿರುತ್ತಾರೆ, ಆದರೆ ಸಮವಾಗಿ ಓಡಿಸಿರುವುದಿಲ್ಲ. ಈ ತಿಂಗಳು ನಾವು ಈ ಲೆಕ್ಕವನ್ನು ವಾಚಕರ ಮುಂದೆ ಬಿಡಿಸಿಡಬೇಕೆಂದಿದ್ದೇವೆ.

ದೃಷ್ಟಾಂತಕ್ಕಾಗಿ ತಿಪಟೂರಿನಲ್ಲಿ ನೆಲಸಿದ ಇಬ್ಬರು ಮಿತ್ರರನ್ನು ಭಾವಿಸಿಕೊಳ್ಳೋಣ. ಒಬ್ಬರು ಕೊಬ್ಬರಿ ವರ್ತಕರು. ಚಿಕ್ಕನಾಯಕನಹಳ್ಳಿಯ ಕಡೆಯ ತೋಟಗಳಿಗೆ ವಾರವಾರವೂ ಹೋಗಿಬರುವವರು. ಇನ್ನೊಬ್ಬರು ಉಪಾಧ್ಯಾಯರು, ತುರುವೇಕೆರೆಯ ಕಡೆ ಇರುವ ತಂದೆತಾಯಿಗಳನ್ನು ರಜಾದಿನಗಳಲ್ಲಿ ನೋಡಿಬರುವವರು. ಇವರು ತಲಾ ಒಂದೂವರೆ ಲಕ್ಷ ಹಾಕಿ, 3,00,000 ರೂಪಾಯಿಗೆ ಓಡಿದ ಕಾರೊಂದನ್ನು ಕೊಂಡರು. ಒಂದು ವರ್ಷದಲ್ಲಿ ಕಾರು 12,000 ಕಿಲೋಮೀಟರು ಓಡಿತು. ಅದರಲ್ಲಿ ವರ್ತಕರ ಓಟ 9,000, ಉಪಾಧ್ಯಾಯರ ಓಟ 3,000. ಈ ಅಂಕಿಗಳೂ ಮುಂದೆ ಬರುವ ಬೆಲೆಗಳೂ ಲೆಕ್ಕ ತಿಳಿಯಾಗಲೆಂದು ನಾವು ಇಟ್ಟುಕೊಂಡವು. ವಾಚಕರು ತಮ್ಮ ತಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಇಂಥಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಹುಟ್ಟುತ್ತವೆ. ವರ್ತಕರು, “ಕಾರು ಇಬ್ಬರದೂ ಅರ್ಧರ್ಧ, ಖರ್ಚೂ ಅರ್ಧರ್ಧ” ಎನ್ನುತ್ತಾರೆ. ಉಪಾಧ್ಯಾಯರು, “ನೀವು ನನ್ನ ಮೂರು ಪಟ್ಟು ಓಡಿಸಿದ್ದೀರಿ ಸ್ವಾಮಿ, ಖರ್ಚಿನಲ್ಲಿಯೂ ಮುಕ್ಕಾಲು ಪಾಲು ನಿಮ್ಮದು” ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಅರ್ಧ ನ್ಯಾಯವಿದೆ. ಯಾವುದರಲ್ಲಿಯೂ ಪೂರ್ಣ ನ್ಯಾಯವಿಲ್ಲ. ಕಾರಣವೇನೆಂದರೆ, ಕಾರಿನ ಖರ್ಚು ಒಂದೇ ಜಾತಿಯದಲ್ಲ.

ನಮ್ಮ ತೆಂಗಿನ ತೋಟವನ್ನೇ ನೋಡಿರಿ. ಬೇಲಿ, ಕಾವಲು, ಬಾವಿಯ ರಿಪೇರಿ, ಇವು ಆ ವರ್ಷ ಕಾಯಿ ಹೆಚ್ಚು ಬರಲಿ, ಕಡಮೆ ಬರಲಿ, ಇದ್ದೇ ಇರುವ ಖರ್ಚುಗಳು. ಕಾಯಿ ಕೀಳುವ ಕೂಲಿ, ಸುಲಿಯುವ ಕೂಲಿ, ಗಾಡಿಯ ಬಾಡಿಗೆ, ಇವು ಕಾಯಿಯ ಎಣಿಕೆಯನ್ನು ಅನುಸರಿಸಿ ಏರಿಳಿಯುತ್ತವೆ. ಬೇಲಿಯ ಖರ್ಚನ್ನು ಕಾಯಿಯ ಲೆಕ್ಕದಲ್ಲಿ ಹಂಚಿದರೂ ತಪ್ಪು, ಸುಲಿತದ ಕೂಲಿಯನ್ನು ಸಮನಾಗಿ ಹಂಚಿದರೂ ತಪ್ಪು. ಕಾರಿನಲ್ಲಿಯೂ ಹಾಗೆಯೇ ಎರಡು ಖರ್ಚುಗಳಿವೆ. ಒಂದನ್ನು ಕಾಲದ ಖರ್ಚು ಎನ್ನೋಣ, ಮತ್ತೊಂದನ್ನು ಓಟದ ಖರ್ಚು ಎನ್ನೋಣ. ಇವನ್ನು ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: “ಈ ಕಾರು ವರ್ಷವೆಲ್ಲ ಷೆಡ್ಡಿನಲ್ಲಿಯೇ ನಿಂತಿದ್ದರೆ ಈ ಖರ್ಚು ಬರುತ್ತಿತ್ತೆ?” ಬರುತ್ತಿತ್ತು ಎಂದರೆ ಅದು ಕಾಲದ ಖರ್ಚು, ಇಲ್ಲವಾದರೆ ಓಟದ ಖರ್ಚು. ನಿಂತ ಕಾರಿನ ತಂತಿಯನ್ನು ಇಲಿ ಕಡಿದರೆ ಅದು ಕಾಲದ ಖರ್ಚು. ಬ್ರೇಕು ಸವೆದರೆ ಓಟದ ಖರ್ಚು.

ಕಾಲದ ಖರ್ಚನ್ನು ಇಬ್ಬರೂ ಸಮನಾಗಿ ಹೊರಬೇಕು. ಏಕೆಂದರೆ ಆ ಹಣದಿಂದ ಇಬ್ಬರಿಗೂ ದೊರೆಯುವುದು ಒಂದೇ ವಸ್ತು: ಬೇಕೆಂದಾಗ ಕಾರು ಸಿದ್ಧವಾಗಿರುವ ಅನುಕೂಲ. ಉಪಾಧ್ಯಾಯರು ಕಡಮೆ ಓಡಿಸಿದರೆಂಬುದು ಅವರ ಇಷ್ಟ. ಅವರ ಹಕ್ಕೇನೂ ಕಡಮೆಯಲ್ಲ. ಓಟದ ಖರ್ಚನ್ನಾದರೋ ಕಿಲೋಮೀಟರಿನ ಲೆಕ್ಕದಲ್ಲಿ ಹೊರಬೇಕು.

ಈಗ ಅಂಕಿಗಳಿಗೆ ಬರೋಣ. ವಿಮೆಗೆ 9,000, ಷೆಡ್ಡಿನ ಬಾಡಿಗೆಗೆ ತಿಂಗಳಿಗೆ 500ರಂತೆ 6,000, ಬ್ಯಾಟರಿಗೆ 1,500. ಬ್ಯಾಟರಿ 4,500 ರೂಪಾಯಿಯದು, ಮೂರು ವರ್ಷ ಬಾಳಬಹುದೆಂದು ಲೆಕ್ಕ. ಅದು ಓಡಿದರೂ ಹಳೆಯದಾಗುತ್ತದೆ, ನಿಂತರೂ ಹಳೆಯದಾಗುತ್ತದೆ. ಇವು ಮೂರೂ ಕಾಲದ ಖರ್ಚುಗಳು, ಒಟ್ಟು 16,500.

ಓಟದ ಖರ್ಚಿನಲ್ಲಿ ಮೊದಲನೆಯದು ಸರ್ವೀಸು. ಇಂಜಿನ್ ಆಯಿಲ್ ಬದಲಿಸಲು ತಯಾರಕರು ಸಾಮಾನ್ಯವಾಗಿ ಇಷ್ಟು ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಗೊತ್ತುಮಾಡಿರುತ್ತಾರೆ. ವರ್ಷಕ್ಕೆ 12,000 ಓಡುವ ಕಾರಿಗೆ, ಗಡುವು 10,000 ಎಂದಿದ್ದರೆ, ಕಿಲೋಮೀಟರಿನ ಗಡುವೇ ಮೊದಲು ಬರುವುದರಿಂದ ಇದನ್ನು ಓಟದ ಖರ್ಚೆಂದು ಹಿಡಿಯುವುದು ಯುಕ್ತ. ವರ್ಷಕ್ಕೆ ನಾಲ್ಕೈದು ಸಾವಿರ ಮಾತ್ರ ಓಡುವ ಕಾರಾದರೆ ಅದೇ ಸರ್ವೀಸು ಕಾಲದ ಖರ್ಚಾಗುತ್ತದೆ. ನಮ್ಮ ದೃಷ್ಟಾಂತದಲ್ಲಿ ಇದಕ್ಕೆ ವರ್ಷಕ್ಕೆ 6,000, ಎಂದರೆ ಕಿಲೋಮೀಟರಿಗೆ 50 ಪೈಸೆ. ಎರಡನೆಯದು ಟೈರು: ನಾಲ್ಕಕ್ಕೆ 18,000, ಬಾಳಿಕೆ 40,000 ಕಿಲೋಮೀಟರು, ಆದುದರಿಂದ ಕಿಲೋಮೀಟರಿಗೆ 45 ಪೈಸೆ. ಮೂರನೆಯದು ಬ್ರೇಕು, ಕ್ಲಚ್ಚು, ಸಸ್ಪೆನ್ಷನ್ನು ಮೊದಲಾದವುಗಳ ಸವೆತ. ಇದಕ್ಕೆ 80 ಪೈಸೆ ಎತ್ತಿಡೋಣ.

ನಾಲ್ಕನೆಯ ಖರ್ಚು ಕಣ್ಣಿಗೆ ಬೀಳದ್ದು, ಆದರೆ ಎಲ್ಲಕ್ಕಿಂತ ದೊಡ್ಡದು. ಅದು ಕಾರಿನ ಬೆಲೆಯ ಇಳಿತ. ವರ್ಷದ ಕೊನೆಗೆ ನಮ್ಮ ಮಿತ್ರರ ಕಾರಿಗೆ 2,55,000 ರೂಪಾಯಿ ಬರುವುದೆನ್ನೋಣ, 45,000 ಕರಗಿತು. ಇದು ಕಾಲದಿಂದ ಕರಗಿದ್ದೋ, ಓಟದಿಂದ ಕರಗಿದ್ದೋ? ಎರಡರಿಂದಲೂ. ಅಟ್ಟದ ಮೇಲಿನ ಕಾಯಿ ಯಾರೂ ಮುಟ್ಟದಿದ್ದರೂ ತೂಕದಲ್ಲಿ ಇಳಿಯುವಂತೆ, ಕಾರು ನಿಂತಲ್ಲಿಯೇ ಒಂದು ವರ್ಷ ಹಳೆಯದಾಗುತ್ತದೆ. ಓಟದ ಪಾಲನ್ನು ತಿಳಿಯಲು ಒಂದು ಉಪಾಯವುಂಟು. ಅದೇ ತಯಾರಿಕೆಯ, ಅದೇ ವರ್ಷದ, ಅದೇ ಸ್ಥಿತಿಯ, ಆದರೆ ಬೇರೆ ಬೇರೆ ಓಟದ ಎರಡು ಕಾರುಗಳಿಗೆ ವ್ಯಾಪಾರಿಗಳು ಏನು ಬೆಲೆ ಹೇಳುತ್ತಾರೆಂದು ವಿಚಾರಿಸಬೇಕು. ಓಟದಲ್ಲಿ 20,000 ಕಿಲೋಮೀಟರು ಹೆಚ್ಚಾದುದಕ್ಕೆ ಬೆಲೆಯಲ್ಲಿ 20,000 ರೂಪಾಯಿ ಇಳಿದರೆ, ಓಟದ ಸವಕಳಿ ಕಿಲೋಮೀಟರಿಗೆ ಒಂದು ರೂಪಾಯಿ. ಒಂದೇ ಜೋಡಿಯನ್ನು ನಂಬದೆ ಮೂರು ನಾಲ್ಕು ಜೋಡಿಗಳನ್ನು ಹೋಲಿಸಿ ಮಧ್ಯದ ಅಂಕಿಯನ್ನು ಹಿಡಿಯುವುದು ಮೇಲು. ಈ ಲೆಕ್ಕದಂತೆ ನಮ್ಮ ಕಾರು ಓಟದಿಂದ ಕಳೆದುಕೊಂಡದ್ದು 12,000; ಉಳಿದ 33,000 ಕಾಲ ನುಂಗಿದ್ದು.

ಎಲ್ಲವನ್ನೂ ಕೂಡಿಸಿದರೆ ಕಾಲದ ಖರ್ಚು 16,500ಕ್ಕೆ 33,000 ಸೇರಿ 49,500. ಓಟದ ಖರ್ಚು ಕಿಲೋಮೀಟರಿಗೆ 50, 45, 80 ಪೈಸೆಗಳೂ ಒಂದು ರೂಪಾಯಿಯೂ ಸೇರಿ 2 ರೂಪಾಯಿ 75 ಪೈಸೆ. 12,000 ಕಿಲೋಮೀಟರಿಗೆ 33,000. ಒಟ್ಟು 82,500. ಕಾಲದ ಖರ್ಚಿನಲ್ಲಿ ತಲಾ 24,750. ಓಟದಲ್ಲಿ ವರ್ತಕರದು 24,750, ಉಪಾಧ್ಯಾಯರದು 8,250. ಆದಕಾರಣ ವರ್ತಕರ ಪಾಲು 49,500, ಉಪಾಧ್ಯಾಯರ ಪಾಲು 33,000. ಓಟ ಮೂರಕ್ಕೆ ಒಂದು. ಖರ್ಚು ಮೂರಕ್ಕೆ ಎರಡು. ಅರ್ಧರ್ಧ ಹಂಚಿದ್ದರೆ ಉಪಾಧ್ಯಾಯರು 8,250 ರೂಪಾಯಿ ಹೆಚ್ಚು ತೆರುತ್ತಿದ್ದರು. ಕೇವಲ ಕಿಲೋಮೀಟರಿನ ಮೇಲೆ ಹಂಚಿದ್ದರೆ ವರ್ತಕರು 12,375 ರೂಪಾಯಿ ಹೆಚ್ಚು ತೆರುತ್ತಿದ್ದರು.

ಪೆಟ್ರೋಲನ್ನು ನಾವು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಅದಕ್ಕೆ ಲೆಕ್ಕವೇ ಬೇಡ, ಕಟ್ಟಳೆ ಸಾಕು: ಟ್ಯಾಂಕು ತುಂಬಿದ ಕಾರನ್ನು ಪಡೆದವರು ಟ್ಯಾಂಕು ತುಂಬಿಸಿಯೇ ಹಿಂದಿರುಗಿಸತಕ್ಕದ್ದು. ಬೆಲೆ ಏರಿದರೂ ಇಳಿದರೂ, ಒಬ್ಬರು ನಿಧಾನವಾಗಿ ಓಡಿಸಿದರೂ ಮತ್ತೊಬ್ಬರು ವೇಗವಾಗಿ ಓಡಿಸಿದರೂ, ಅವರವರದು ಅವರವರಿಗೆ.

ಇನ್ನು ಈ ಹಣವನ್ನು ಕೈಯಿಂದ ಕೈಗೆ ಕೊಡುವ ಬಗೆ. ವರ್ಷದ ಕೊನೆಗೆ ಒಬ್ಬರು ಮತ್ತೊಬ್ಬರ ಮುಂದೆ ದೊಡ್ಡ ಮೊತ್ತದ ಚೀಟಿ ಹಿಡಿಯುವುದು ಮನಸ್ಸಿಗೆ ಹಿತವಲ್ಲ. ಅದಕ್ಕಿಂತ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಜಂಟಿ ಖಾತೆ ತೆರೆದು, ಪ್ರತಿ ತಿಂಗಳೂ ಎರಡು ಬಗೆಯ ಹಣ ಕಟ್ಟುವುದು ಲೇಸು. ಕಾಲದ ಖರ್ಚಿಗೆಂದು 16,500ರ ಅರ್ಧವನ್ನು ಹನ್ನೆರಡು ತಿಂಗಳಿಗೆ ಹರಡಿ ತಲಾ ಸುಮಾರು 690 ರೂಪಾಯಿ. ಓಟಕ್ಕೆಂದು ಆ ತಿಂಗಳು ತಾವು ಓಡಿಸಿದ ಪ್ರತಿ ಕಿಲೋಮೀಟರಿಗೆ 2 ರೂಪಾಯಿ 75 ಪೈಸೆ. ವಿಮೆ, ಬಾಡಿಗೆ, ಸರ್ವೀಸು, ಟೈರು, ರಿಪೇರಿ ಎಲ್ಲವೂ ಈ ನಿಧಿಯಿಂದಲೇ ನಡೆಯಬೇಕು.

ಕಾಲದಿಂದ ಇಳಿದ ಬೆಲೆಗಾಗಿ ಯಾರೂ ಹಣ ಕಟ್ಟಬೇಕಾದುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಾರು ಅರ್ಧರ್ಧ ಇಬ್ಬರದೂ ಆಗಿರುವುದರಿಂದ ಮಾರುವ ದಿನ ಆ ನಷ್ಟ ತಾನಾಗಿಯೇ ಅರ್ಧರ್ಧ ಬೀಳುತ್ತದೆ. ಓಟದ ಸವಕಳಿಯ ಒಂದೊಂದು ರೂಪಾಯಿ ಮಾತ್ರ ನಿಧಿಯಲ್ಲಿ ಉಳಿಯುತ್ತ ಬರುತ್ತದೆ. ವರ್ಷದ ಕೊನೆಗೆ ಕಾರನ್ನು ಮಾರಿದರೆ 2,55,000ಕ್ಕೆ ನಿಧಿಯಲ್ಲಿ ಉಳಿದ 12,000 ಸೇರಿಸಿ, 2,67,000 ರೂಪಾಯಿಗಳನ್ನು ಸಮನಾಗಿ ಹಂಚಬೇಕು, ತಲಾ 1,33,500. ಉಪಾಧ್ಯಾಯರು ಬೆಲೆಯ ಬಾಬಿಗೆ ಕೊಟ್ಟದ್ದು ಮೊದಲಿಗೆ 1,50,000, ಓಟದ ಮೇಲೆ 3,000. ಹಿಂದಕ್ಕೆ ಬಂದದ್ದು 1,33,500. ಅವರಿಗಾದ ನಷ್ಟ 19,500. ಕಾಲದ ನಷ್ಟದಲ್ಲಿ ಅವರ ಅರ್ಧ 16,500, ಓಟದ್ದು 3,000, ಕೂಡಿದರೆ ಅದೇ 19,500. ಲೆಕ್ಕ ತಾಳೆಬಿತ್ತು.

ಓಡಿದ ಕಾರನ್ನು ಕೊಂಡವರು ಎಡವುವ ಒಂದು ಸ್ಥಳವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕಾರನ್ನು ಕೊಂಡಾಗ ಅದರ ಟೈರುಗಳು ಆಗಲೇ 25,000 ಕಿಲೋಮೀಟರು ಸವೆದಿದ್ದವೆನ್ನಿ. ಇನ್ನು 15,000 ಓಡುವಷ್ಟರಲ್ಲಿ ಹೊಸ ಟೈರಿಗೆ 18,000 ಬೇಕಾಯಿತು. ಆ ಹೊತ್ತಿಗೆ ನಿಧಿಯಲ್ಲಿ ಟೈರಿನ ಬಾಬು ಸೇರಿರುವುದು 45 ಪೈಸೆಯಂತೆ 6,750 ಮಾತ್ರ. ಕಡಮೆಬಿದ್ದ 11,250ನ್ನು ಯಾರು ಕೊಡಬೇಕು? ಹೆಚ್ಚು ಓಡಿಸಿದವರೆಂದು ವರ್ತಕರ ತಲೆಗೆ ಕಟ್ಟುವುದು ಅನ್ಯಾಯ. ಆ 25,000 ಕಿಲೋಮೀಟರು ಓಡಿಸಿದವನು ಹಿಂದಿನ ಯಜಮಾನ. ಟೈರು ಸವೆದಿದ್ದುದರಿಂದಲೇ ಕಾರು ಅಷ್ಟು ಅಗ್ಗಕ್ಕೆ ದೊರೆಯಿತು, ಆ ಅಗ್ಗದ ಲಾಭ ಇಬ್ಬರಿಗೂ ಸಮನಾಗಿ ಸಂದಿದೆ. ಆದುದರಿಂದ ಹಳೆಯ ಸವೆತದ ಹಣವನ್ನು ಇಬ್ಬರೂ ಸಮನಾಗಿ, ತಲಾ 5,625 ರೂಪಾಯಿ, ತರಬೇಕು. ಕ್ಲಚ್ಚಿಗೂ ಬ್ರೇಕಿಗೂ ಇದೇ ನ್ಯಾಯ. ಕೊಳ್ಳುವ ದಿನವೇ ನಂಬಿಕೆಯ ಮೆಕ್ಯಾನಿಕ್ಕಿನಿಂದ ಪ್ರತಿಯೊಂದು ಭಾಗವೂ ಎಷ್ಟು ಸವೆದಿದೆಯೆಂದು ಬರೆಸಿಟ್ಟುಕೊಂಡರೆ ಮುಂದೆ ಈ ವಾದವೇ ಹುಟ್ಟದು.

ಲೆಕ್ಕಕ್ಕೆಲ್ಲ ಆಧಾರ ಓಡೋಮೀಟರಿನ ಅಂಕಿ. ಡ್ಯಾಷ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಸಣ್ಣ ಪುಸ್ತಕವಿಟ್ಟು, ಕಾರು ಕೈಬದಲಾದಾಗಲೆಲ್ಲ ದಿನಾಂಕವನ್ನೂ ಅಂಕಿಯನ್ನೂ ಬರೆಯಬೇಕು. ಇಬ್ಬರೂ ಕೂಡಿ ಬೆಂಗಳೂರಿಗೆ ಹೋದ ಕಿಲೋಮೀಟರನ್ನೂ, ಸರ್ವೀಸಿಗೆಂದು ಓಡಿದ ಕಿಲೋಮೀಟರನ್ನೂ ಅರ್ಧರ್ಧ ಹಾಕಬೇಕು. ತಿಂಗಳ ಕೊನೆಗೆ ಹತ್ತಿಪ್ಪತ್ತು ಕಿಲೋಮೀಟರು ತಾಳೆಬೀಳದಿದ್ದರೆ ಅದನ್ನೂ ಅರ್ಧರ್ಧ ಮಾಡಿ ಮರೆಯಬೇಕು. ಆದರೆ ಒಂದು ಮಿತಿಯನ್ನು ಒಪ್ಪಲೇಬೇಕು: ಎಲ್ಲ ಕಿಲೋಮೀಟರುಗಳೂ ಸಮವಲ್ಲ. ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿನ ಹತ್ತು ಕಿಲೋಮೀಟರಿಗಿಂತ ತೋಟದ ಕಚ್ಚಾ ದಾರಿಯ ಹತ್ತು ಕಿಲೋಮೀಟರು ಕಾರನ್ನು ಹೆಚ್ಚಾಗಿ ಅಲುಗಿಸುತ್ತದೆ. ಸಸ್ಪೆನ್ಷನ್ನಿನ ರಿಪೇರಿ ಮತ್ತೆ ಮತ್ತೆ ಬರುತ್ತಿದ್ದರೆ ಇದೇ ಅದರ ಗುರುತು. ಆಗ ಕಚ್ಚಾ ದಾರಿಯ ಕಿಲೋಮೀಟರನ್ನು ಒಂದೂವರೆಯಾಗಿ ಎಣಿಸಲು ಇಬ್ಬರೂ ಒಪ್ಪಬಹುದು. ಕೊಬ್ಬರಿಯ ಮೂಟೆಗಳನ್ನು ಕಾರಿನಲ್ಲಿ ಹೇರುವುದಿಲ್ಲವೆಂದು ಮೊದಲೇ ನಿಷ್ಕರ್ಷೆಯಾಗಲಿ. ಆ ಭಾರದ ಸವೆತ ಯಾವ ಪುಸ್ತಕದಲ್ಲಿಯೂ ಕಾಣದು.

ಸಮಪಾಲಿಗೂ ಒಂದು ಮಿತಿಯಿದೆ. ಇಬ್ಬರಿಗೂ ಕಾರು ಸಮನಾಗಿ ದೊರೆಯುವವರೆಗೆ ಮಾತ್ರ ಕಾಲದ ಖರ್ಚು ಅರ್ಧರ್ಧ. ವರ್ತಕರು ವಾರದಲ್ಲಿ ಐದು ದಿನ ಕಾರನ್ನು ತಮಗೇ ಕಾದಿರಿಸಿ, ಉಪಾಧ್ಯಾಯರಿಗೆ ಎರಡು ದಿನ ಬಿಟ್ಟರೆ, ಕಾಲದ ಖರ್ಚನ್ನೂ ಐದಕ್ಕೆ ಎರಡರಂತೆ ಹಂಚುವುದೇ ಧರ್ಮ. ಆಗ ಕಾಲದಿಂದ ಇಳಿದ ಬೆಲೆಯ ಹೆಚ್ಚಿನ ಪಾಲನ್ನು ವರ್ತಕರು ನಿಧಿಗೆ ಕಟ್ಟಿಯೇ ತುಂಬಿಕೊಡಬೇಕಾಗುತ್ತದೆ.

ಅಪಘಾತ, ದಂಡ, ಅಜಾಗರೂಕತೆಯಿಂದಾದ ಕೇಡು, ಇವು ಎರಡು ಲೆಕ್ಕಕ್ಕೂ ಸೇರವು; ಅವು ಓಡಿಸುತ್ತಿದ್ದವರ ಹೊಣೆ. ಇಲ್ಲಿ ವಿಮೆಯಿಂದ ಹಣ ಬಂದಿತೆಂದು ತೃಪ್ತರಾಗಬಾರದು. ಕ್ಲೇಮು ಮಾಡದ ವರ್ಷಗಳಿಗೆ ವಿಮೆಯ ಸ್ವಂತ ಹಾನಿಯ ಭಾಗದಲ್ಲಿ ರಿಯಾಯಿತಿ ದೊರೆಯುತ್ತದೆ. ಮೊದಲ ವರ್ಷದ ತರುವಾಯ ನೂರಕ್ಕೆ 20, ಹೀಗೆ ಏರುತ್ತ ನೂರಕ್ಕೆ 50ರವರೆಗೆ. ಒಂದು ಕ್ಲೇಮಿನಿಂದ ಅದು ಹೋಗುತ್ತದೆ, ಮರುವರ್ಷ ಇಬ್ಬರ ವಿಮೆಯ ಕಂತೂ ಏರುತ್ತದೆ. ಈ ಏರಿಕೆಯನ್ನೂ ಓಡಿಸಿದವರೇ ತುಂಬಿಕೊಡಬೇಕು. ಹಳೆಯ ಯಜಮಾನನ ರಿಯಾಯಿತಿ ಕಾರಿನೊಡನೆ ಬರುವುದಿಲ್ಲವೆಂಬುದೂ ಕೊಳ್ಳುವವರಿಗೆ ತಿಳಿದಿರಲಿ.

ಕಡೆಯದಾಗಿ ಕಾನೂನಿನ ಮಾತು. ಲೆಕ್ಕದಲ್ಲಿ ಕಾರು ಇಬ್ಬರದಾದರೂ ನೋಂದಣಿಯ ದೃಷ್ಟಿಯಲ್ಲಿ ಒಬ್ಬರದೇ. 1988ರ ಮೋಟಾರು ವಾಹನಗಳ ಕಾಯಿದೆಯ 41ನೆಯ ಸೆಕ್ಷನ್ನು, ಹಲವರು ಜಂಟಿಯಾಗಿ ಕೊಂಡ ವಾಹನಕ್ಕೆ ಅವರಲ್ಲಿ ಒಬ್ಬರು ಎಲ್ಲರ ಪರವಾಗಿ ಅರ್ಜಿ ಸಲ್ಲಿಸಬೇಕೆಂದೂ, ಆ ಕಾಯಿದೆಯ ಮಟ್ಟಿಗೆ ಅರ್ಜಿದಾರರೇ ಯಜಮಾನರೆಂದೂ ಹೇಳುತ್ತದೆ. ತಿಪಟೂರಿನ ಸಾರಿಗೆ ಕಚೇರಿಯ ಕೆಎ-44 ನಂಬರಿನ ಕಾರೊಂದು ವರ್ತಕರ ಹೆಸರಿನಲ್ಲಿದ್ದರೆ, ಉಪಾಧ್ಯಾಯರು ಓಡಿಸುವಾಗ ಆದ ಅಪಘಾತದ ನೋಟೀಸೂ ವರ್ತಕರ ಮನೆಗೇ ಬರುವುದು. ಕಾರನ್ನು ಮಾರಿದರೂ ನೋಂದಣಿಯಲ್ಲಿ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ಹಳೆಯ ಹೆಸರಿನವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ವಿಮೆಯೊಡನೆ ಬರುವ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯೂ ನೋಂದಾಯಿತ ಯಜಮಾನರಿಗೆ ಮಾತ್ರ. ಉಪಾಧ್ಯಾಯರು ತಮಗಾಗಿ ಬೇರೆ ಅಪಘಾತ ವಿಮೆ ಮಾಡಿಸಿಕೊಳ್ಳಬೇಕು, ಅದರ ಕಂತನ್ನು ನಿಧಿಯಿಂದ ಕೊಡುವುದು ನ್ಯಾಯ.

ಹೆಸರಿಲ್ಲದ ಪಾಲುದಾರರಿಗಾದರೋ ಅಪಾಯ ಬೇರೆ ಬಗೆಯದು. ಹೆಸರುಳ್ಳವರು ಅಕಸ್ಮಾತ್ ತೀರಿಕೊಂಡರೆ ಕಾರಿನ ನೋಂದಣಿ ಅವರ ವಾರಸುದಾರರಿಗೆ ಹೋಗುತ್ತದೆ, ಅರ್ಧ ಹಣ ಹಾಕಿದವರ ಕೈಯಲ್ಲಿ ಆಗ ಉಳಿಯುವುದು ಬರೆದಿಟ್ಟ ಕಾಗದ ಒಂದೇ. ಆದಕಾರಣ ಹಣ ಕೊಟ್ಟ ದಿನವೇ ಸ್ಟಾಂಪು ಕಾಗದದ ಮೇಲೆ ಒಪ್ಪಂದ ಬರೆದು, ಇಬ್ಬರೂ ಸಹಿ ಹಾಕಿ, ಎರಡು ಮನೆಗಳಲ್ಲಿಯೂ ಒಂದೊಂದು ಪ್ರತಿ ಇಟ್ಟಿರಬೇಕು. ಅದರಲ್ಲಿ ಯಾರು ಎಷ್ಟು ಕೊಟ್ಟರು, ಕಿಲೋಮೀಟರಿನ ದರವೆಷ್ಟು, ದರವನ್ನು ವರ್ಷಕ್ಕೊಮ್ಮೆ ಹೇಗೆ ತಿದ್ದುವುದು, ಒಬ್ಬರು ಬಿಡಬೇಕೆಂದರೆ ಹೇಗೆ ಎಂಬುದೆಲ್ಲ ಇರಲಿ. ಬಿಡುವಾಗಿನ ಬೆಲೆಗೆ ಒಂದು ಹಳೆಯ ನ್ಯಾಯವುಂಟು: ಬಿಡುವವರು ಬೆಲೆ ಹೇಳಲಿ, ಆ ಬೆಲೆಗೆ ಕೊಳ್ಳುವುದೋ, ಅದೇ ಬೆಲೆಗೆ ತಮ್ಮ ಪಾಲನ್ನು ಮಾರುವುದೋ ಎಂಬುದನ್ನು ಇನ್ನೊಬ್ಬರು ಆರಿಸಲಿ. ಹೆಚ್ಚು ಹೇಳಿದರೆ ತಾವೇ ಹೆಚ್ಚು ಕೊಟ್ಟು ಕೊಳ್ಳಬೇಕಾದೀತು, ಕಡಮೆ ಹೇಳಿದರೆ ಕಡಮೆಗೆ ಬಿಡಬೇಕಾದೀತು. ಆದುದರಿಂದ ಬಾಯಿಂದ ಸರಿಯಾದ ಬೆಲೆಯೇ ಹೊರಡುತ್ತದೆ.